ಕಸ ಎಸೆದರೆ, ಸುಟ್ಟರೆ ದಂಡ: ಉಪವಿಧಿ ಬರೆಯುವುದು ಹೇಗೆ, ಜಾರಿ ಮಾಡುವುದು ಹೇಗೆ

ನಮ್ಮ ಬಡಾವಣೆಯ ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ವರ್ಷಗಟ್ಟಲೆ ಒಂದು ಕಸದ ಗುಡ್ಡೆ ಇತ್ತು. ಬೆಳಗ್ಗೆ ಆರಕ್ಕೆ ಅಲ್ಲಿಗೆ ಹೋದರೆ ಹಿಂದಿನ ರಾತ್ರಿ ಯಾರೋ ಹಚ್ಚಿದ ಬೆಂಕಿಯ ಬೂದಿ ಇನ್ನೂ ಬೆಚ್ಚಗಿರುತ್ತಿತ್ತು. ಅದರ ಹಿಂದಿನ ಗೋಡೆಯ ಮೇಲೆ ‘ಇಲ್ಲಿ ಕಸ ಹಾಕಿದರೆ 1,000 ರೂಪಾಯಿ ದಂಡ’ ಎಂದು ಬಣ್ಣದಲ್ಲಿ ಬರೆದಿತ್ತು. ಹೊಗೆ ಹಿಡಿದು ‘ದಂಡ’ ಎಂಬ ಪದ ಅರ್ಧ ಕಪ್ಪಾಗಿತ್ತು. ಆ ದಂಡವನ್ನು ಕಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಬೀದಿಯಲ್ಲಿ ಕೇಳಿದೆ. ಒಬ್ಬರೂ ಸಿಗಲಿಲ್ಲ.

ಊರೂರಿನಲ್ಲೂ ಇಂಥ ಗೋಡೆಗಳಿವೆ. ದಂಡದ ಉಪವಿಧಿ ಇರುತ್ತದೆ, ರಸೀದಿ ಪುಸ್ತಕವೂ ಇರುತ್ತದೆ, ಆದರೆ ದಂಡ ಬೀಳುವುದಿಲ್ಲ. ಬಿದ್ದರೂ ಅದು ಬೀಳುವುದು ಬಾಳೆಹಣ್ಣಿನ ತಳ್ಳುಗಾಡಿಯವನ ಮೇಲೆ, ಕಲ್ಯಾಣ ಮಂಟಪದ ಮೇಲಲ್ಲ. ಈ ಲೇಖನ ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ, ವಾರ್ಡ್ ಮಟ್ಟದಲ್ಲಿ ಕೆಲಸ ಮಾಡುವ ನಿವಾಸಿಗಳಿಗೆ. ದಂಡವನ್ನು ಯಾವ ಕ್ರಮದಲ್ಲಿ ತಂದರೆ ಅದು ನ್ಯಾಯವೂ ಆಗುತ್ತದೆ, ನಡೆಯುತ್ತದೆಯೂ ಎಂಬುದನ್ನು ಆ ಮೂಲೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಾನೂನು ಎಲ್ಲಿ ನಿಂತಿದೆ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಂದು ಮಾತನ್ನು ನೇರವಾಗಿ ಹೇಳಿದವು: ತನ್ನ ಕಸವನ್ನು ಯಾರೂ ತಮ್ಮ ಆವರಣದ ಹೊರಗೆ ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ ಅಥವಾ ಕೆರೆಕಟ್ಟೆಯಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು. ಸ್ಥಳೀಯ ಸಂಸ್ಥೆಗಳು ಉಪವಿಧಿ ರಚಿಸಬೇಕು, ಸ್ಥಳದಲ್ಲೇ ದಂಡ ಹಾಕುವ ಮಾನದಂಡವನ್ನು ಗೊತ್ತುಮಾಡಬೇಕು, ಆ ಅಧಿಕಾರವನ್ನು ಯಾರಿಗೆ ಕೊಡುತ್ತೇವೆಂದು ಬರೆಯಬೇಕು ಎಂದೂ ಹೇಳಿದವು. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಾಮಾನ್ಯ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ ಎಂದು ಗೊತ್ತುಮಾಡಿತು. ಕಸ ಸುರಿಯುವ ಭರ್ತಿ ಜಾಗಗಳೂ ಈ ನಿಷೇಧದೊಳಗೆ ಬರುತ್ತವೆ. ಆ ಆದೇಶಕ್ಕೆ ಮೂಲ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಅರ್ಜಿ.

ಉಪವಿಧಿ ಬರೆಯಲು ಕೂರುವ ಮೊದಲು ಈ ನಿಯಮಗಳ ಈಗ ಜಾರಿಯಲ್ಲಿರುವ ಪ್ರತಿಯನ್ನು, ನಿಮ್ಮ ಸಂಸ್ಥೆಯ ಹಳೆಯ ಉಪವಿಧಿಯನ್ನು ಕಚೇರಿಯಿಂದ ಪಡೆದುಕೊಳ್ಳಿ. ಅನೇಕ ಕಡೆ ಮಾದರಿ ಉಪವಿಧಿಯನ್ನು ಖಾಲಿ ಜಾಗದಲ್ಲಿ ಊರಿನ ಹೆಸರು ಮಾತ್ರ ತುಂಬಿ ಅಂಗೀಕರಿಸಿರುತ್ತಾರೆ. ಅದು ಕಾನೂನು ನಿಜ, ಆದರೆ ಅದಕ್ಕೆ ನಿಮ್ಮ ಊರಿನ ಪರಿಚಯ ಇರುವುದಿಲ್ಲ.

ಮೊದಲ ಹೆಜ್ಜೆ: ಏಳು ಬೆಳಗು ಗುಡ್ಡೆಯನ್ನು ಓದುವುದು

ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಒಂದು ವಾರ ಬೆಳಗ್ಗೆ, ಸಂಜೆ ಆ ಜಾಗಕ್ಕೆ ಹೋಗಿ ನಿಲ್ಲಬೇಕು. ನೋಟ್‌ಬುಕ್ಕಿನಲ್ಲಿ ಮೂರೇ ವಿಷಯ ಬರೆಯಿರಿ: ಏನು ಬಿದ್ದಿದೆ, ಎಷ್ಟು ಹೊತ್ತಿಗೆ ಬಿತ್ತು, ಯಾವುದರಲ್ಲಿ ಬಂತು. ಯಾರ ಹೆಸರನ್ನೂ ಬರೆಯಬೇಡಿ. ಹೆಸರು ಬರೆಯಲು ಶುರುಮಾಡಿದ ಕೂಡಲೇ ಜನ ಎಚ್ಚೆತ್ತುಕೊಳ್ಳುತ್ತಾರೆ, ನಿಮಗೆ ನಿಜವಾದ ಚಿತ್ರ ಸಿಗುವುದಿಲ್ಲ.

ಶಾಲೆಯ ಮೂಲೆಯಲ್ಲಿ ಮೂರು ಬಗೆಯ ಕಸ ಕಂಡಿತು. ಐದೂವರೆಯಿಂದ ಆರೂವರೆಯೊಳಗೆ ಗಂಟು ಕಟ್ಟಿದ ಸಣ್ಣ ಪ್ಲಾಸ್ಟಿಕ್ ಕವರುಗಳು ಬೀಳುತ್ತಿದ್ದವು, ಒಳಗೆ ಅಡುಗೆಮನೆಯ ಹಸಿ ಕಸ. ತಂದವರು ಬಹುಪಾಲು ಗಾರ್ಮೆಂಟ್ಸ್ ಬಸ್ಸಿಗೆ ಓಡುವ ಹೆಣ್ಣುಮಕ್ಕಳು. ಕಸದ ಆಟೋ ಟಿಪ್ಪರ್ ಆ ಬೀದಿಗೆ ಬರುತ್ತಿದ್ದುದು ಒಂಬತ್ತೂಕಾಲಿಗೆ, ಆ ಹೊತ್ತಿಗೆ ಮನೆಗೆ ಬೀಗ. ಸಂಜೆ ಏಳರ ನಂತರ ಹತ್ತಿರದ ಕೋಳಿ ಅಂಗಡಿಯ ಪುಕ್ಕ, ಕರುಳು ತುಂಬಿದ ಚೀಲ ಬರುತ್ತಿತ್ತು. ವಾರಕ್ಕೆ ಒಂದೆರಡು ರಾತ್ರಿ ಸಣ್ಣ ಟೆಂಪೊದಲ್ಲಿ ಮಂಟಪದ ಎಲೆ, ಪೇಪರ್ ಲೋಟ, ಕಟ್ಟಡದ ಮಣ್ಣು.

ಬೂದಿಯನ್ನೂ ಓದಬೇಕು. ತಂತಿಯ ಎಳೆಗಳಿದ್ದರೆ ಗುಜರಿಗೆ ತಾಮ್ರ ಮಾರಲು ಯಾರೋ ಕೇಬಲ್ ಸುಟ್ಟಿದ್ದಾರೆ. ಕರಗಿ ಗಟ್ಟಿಯಾದ ಕಪ್ಪು ಉಂಡೆಗಳಿದ್ದರೆ ಅದು ಪ್ಲಾಸ್ಟಿಕ್. ಬೂದಿ ಹಗುರವಾಗಿ, ಬೂದು ಬಣ್ಣಕ್ಕಿದ್ದು ಎಲೆಯ ನರಗಳು ಇನ್ನೂ ಕಾಣುತ್ತಿದ್ದರೆ ಅದು ಗುಡಿಸಿದ ತರಗೆಲೆ. ಗುಡಿಸಿದವರೇ ಹಚ್ಚಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಎಲೆಯನ್ನು ಒಯ್ಯಲು ಅವರಿಗೆ ಗಾಡಿ ಕೊಟ್ಟಿರುವುದಿಲ್ಲ. ಗುಡ್ಡೆ ಹಾಗೇ ಉಳಿದರೆ ದಫೇದಾರ ಬೈಯುತ್ತಾನೆ, ಸುಟ್ಟರೆ ಜಾಗ ಚೊಕ್ಕಟವಾಗಿ ಕಾಣುತ್ತದೆ.

ಎರಡನೆಯ ಹೆಜ್ಜೆ: ದಂಡಕ್ಕೆ ಮೊದಲು ದಾರಿ ಕೊಡುವುದು

ಕಸ ಹಾಕಲು ಬೇರೆ ದಾರಿ ಇಲ್ಲದವರಿಗೆ ಹಾಕುವ ದಂಡ ಅನ್ಯಾಯ. ಇದು ಕೇವಲ ಕನಿಕರದ ಮಾತಲ್ಲ. ‘ಗಾಡಿ ಬರುವಾಗ ನಾನು ಮನೆಯಲ್ಲಿರುವುದಿಲ್ಲ’ ಎಂದು ಒಬ್ಬಾಕೆ ಹೇಳಿದಾಗ ರಸೀದಿ ಹಿಡಿದವನಿಗೆ ಉತ್ತರ ಇರುವುದಿಲ್ಲ, ಸುತ್ತ ನಿಂತವರೆಲ್ಲ ಆಕೆಯ ಪರ ವಹಿಸುತ್ತಾರೆ, ಅಲ್ಲಿಗೆ ಆ ಬೀದಿಯಲ್ಲಿ ದಂಡದ ಕಥೆ ಮುಗಿಯಿತು.

ಆ ಮೂಲೆಯ ಅರ್ಧ ಸಮಸ್ಯೆ ಗಾಡಿಯ ಸಮಯದಲ್ಲಿತ್ತು. ಟಿಪ್ಪರಿನ ದಾರಿಯನ್ನು ತಿರುಗಿಸಿ, ಬೇಗ ಹೊರಡುವ ಮನೆಗಳಿದ್ದ ಎರಡು ಬೀದಿಗಳಿಗೆ ಮೊದಲು ಬರುವಂತೆ ಮಾಡಲಾಯಿತು. ಹೆಚ್ಚು ಖರ್ಚಾಗಲಿಲ್ಲ. ಚಾಲಕನನ್ನು, ದಫೇದಾರನನ್ನು, ಆರೋಗ್ಯ ನಿರೀಕ್ಷಕರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಬೀದಿಗಳ ಕ್ರಮ ಬದಲಿಸಬೇಕಾಯಿತು, ಅಷ್ಟೇ. ಆದರೂ ಗಾಡಿ ತಪ್ಪಿಸಿಕೊಳ್ಳುವವರು ಇರುತ್ತಾರೆ. ಅವರಿಗಾಗಿ ಬಸ್ ನಿಲ್ದಾಣದ ಬಳಿ ಬೆಳಗ್ಗೆ ಎರಡು ಗಂಟೆ ಒಂದು ಟಿಪ್ಪರ್ ನಿಂತರೆ ಸಾಕು. ಮುಚ್ಚಳವಿಲ್ಲದ ತೊಟ್ಟಿಯನ್ನು ಬೀದಿಯಲ್ಲಿ ಇಡಬೇಡಿ. ಎರಡನೆಯ ವಾರಕ್ಕೆ ಅದೇ ಹೊಸ ಗುಡ್ಡೆಯಾಗುತ್ತದೆ.

ತರಗೆಲೆಗೆ ಚೀಲ, ಗಾಡಿ, ಹತ್ತಿರದ ಪಾರ್ಕಿನಲ್ಲಿ ಒಂದು ಗೊಬ್ಬರದ ಗುಂಡಿ ಬೇಕು. ಒಣ ಎಲೆಯೊಂದೇ ತುಂಬಿದರೆ ಕೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುನಡುವೆ ಸಗಣಿ ನೀರು ಚಿಮುಕಿಸಿ ತೇವ ಕಾಪಾಡಬೇಕು. ಇದನ್ನು ಮಾಡದೆ ಎಲೆ ಸುಟ್ಟ ಪೌರಕಾರ್ಮಿಕರಿಗೆ ದಂಡ ಹಾಕಿದರೆ, ಸಂಸ್ಥೆ ತನ್ನ ತಪ್ಪಿಗೆ ತನ್ನಲ್ಲೇ ಅತಿ ಕಡಿಮೆ ಸಂಬಳದವರಿಂದ ವಸೂಲಿ ಮಾಡಿದಂತೆ. ರಾತ್ರಿ ಪಾಳಿಯ ಕಾವಲುಗಾರರದ್ದೂ ಇದೇ ಕಥೆ. ದೆಹಲಿಯಲ್ಲಿ ಚಳಿಗಾಲದ ವಾಯುಮಾಲಿನ್ಯ ತಡೆಯ ಕ್ರಮಗಳಲ್ಲಿ, ಕಾವಲುಗಾರರು ಕಸ, ಸೌದೆ ಸುಡದಂತೆ ಅವರಿಗೆ ವಿದ್ಯುತ್ ಹೀಟರ್ ಕೊಡಿ ಎಂದು ನಿವಾಸಿ ಸಂಘಗಳಿಗೇ ಹೇಳುತ್ತಾರೆ. ಚಳಿ ಕಾಯಿಸುವವನನ್ನು ಹಿಡಿಯದೆ, ಕೆಲಸಕ್ಕಿಟ್ಟುಕೊಂಡವರ ಮೇಲೆ ಹೊಣೆ ಹಾಕುವ ಈ ಕ್ರಮ ನನಗೆ ಸರಿ ಎನಿಸುತ್ತದೆ.

ಮೂರನೆಯ ಹೆಜ್ಜೆ: ಕಣ್ಣಿಗೆ ಕಾಣುವ ಅಪರಾಧವನ್ನು ಬರೆಯುವುದು

‘ಪರಿಸರಕ್ಕೆ ಧಕ್ಕೆ ತರುವವರಿಗೆ ದಂಡ’ ಎಂದು ಬರೆದರೆ ಯಾರ ಮೇಲೂ ಹಾಕಬಹುದು, ಯಾರ ಮೇಲೂ ಹಾಕದಿರಬಹುದು. ರಸೀದಿ ಬರೆಯುವವನು ನಿಂತಲ್ಲೇ ಕಂಡು ಹೌದು, ಅಲ್ಲ ಎನ್ನುವಂತಿರಬೇಕು: ‘ತನ್ನ ಮನೆ, ಅಂಗಡಿ ಅಥವಾ ವಾಹನದ ಕಸವನ್ನು ರಸ್ತೆ, ಚರಂಡಿ, ಕೆರೆ, ಖಾಲಿ ನಿವೇಶನದಲ್ಲಿ ಹಾಕುವುದು’. ಸುಡುವುದಕ್ಕೂ ಹಾಗೆಯೇ: ‘ಪ್ಲಾಸ್ಟಿಕ್, ರಬ್ಬರ್, ಬಟ್ಟೆ, ಕೇಬಲ್, ಎಲೆ ಅಥವಾ ಬೆರೆತ ಕಸಕ್ಕೆ ಬಯಲಿನಲ್ಲಿ ಬೆಂಕಿ ಹಚ್ಚುವುದು’.

ಯಾವುದು ಅಪರಾಧವಲ್ಲ ಎಂದೂ ಬರೆಯಬೇಕು. ಅಡುಗೆಯ ಒಲೆ, ಚಿತೆ, ಹೋಮ, ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸಲು ಹಾಕುವ ಹುಲ್ಲು, ಕಾಮದಹನದ ಸೌದೆ ಕಸವಲ್ಲ. ಆ ಕಾಮನ ಬೆಂಕಿಗೆ ಟೈರ್ ಎಸೆದರೆ ಅದು ಕಸ. ಈ ಗೆರೆಯನ್ನು ಮೊದಲೇ ಎಳೆದಿಟ್ಟರೆ ಹಬ್ಬದ ದಿನ ಜಗಳವಾಗುವುದಿಲ್ಲ. ಮನೆಯೊಳಗಿನ ಬಚ್ಚಲೊಲೆಗೆ ಹಾಲಿನ ಕವರು ತುರುಕುವ ರೂಢಿ ಅನೇಕ ಮನೆಗಳಲ್ಲಿದೆ, ಅದು ಕೆಟ್ಟದ್ದೂ ಹೌದು. ಆದರೆ ಅದನ್ನು ಹಿಡಿಯಲು ಅಧಿಕಾರಿ ಬಚ್ಚಲಿಗೆ ನುಗ್ಗುವುದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮನೆಮನೆಗೆ ಹೋಗಿ ಒಣ ಕಸವನ್ನು ಬೇರೆ ಚೀಲದಲ್ಲಿ ಕೇಳಿ ಪಡೆಯುವುದೇ ದಾರಿ.

ಖಾಲಿ ನಿವೇಶನದ ಮಾಲೀಕರ ವಿಚಾರದಲ್ಲಿ ಎಚ್ಚರ ಬೇಕು. ಬೇರೆ ಊರಿನಲ್ಲಿರುವ ಮಾಲೀಕರಿಗೆ ಊರಿನವರು ಎಸೆದ ಕಸಕ್ಕೆ ಏಕಾಏಕಿ ದಂಡ ಹಾಕಿದರೆ ಅದು ನಿಲ್ಲುವುದಿಲ್ಲ. ಮೊದಲು ಬೇಲಿ ಹಾಕಿಸಿ, ಸ್ವಚ್ಛ ಮಾಡಿಸಿ ಎಂದು ಗಡುವು ಕೊಟ್ಟು ನೋಟಿಸ್ ಕಳಿಸಿ. ಮೀರಿದರೆ ಆಗ ದಂಡ ಹಾಕಿ.

ನಾಲ್ಕನೆಯ ಹೆಜ್ಜೆ: ಮೊತ್ತ

ಹೆಚ್ಚಿನ ಸಭೆಗಳಲ್ಲಿ ಚರ್ಚೆ ಇಲ್ಲಿಂದಲೇ ಶುರುವಾಗುತ್ತದೆ, ‘5,000 ಹಾಕಿ, ಬುದ್ಧಿ ಬರುತ್ತದೆ’ ಎಂದು. ಒಂದು ಸಣ್ಣ ಲೆಕ್ಕ ನೋಡಿ. ದಂಡ 1,000 ರೂಪಾಯಿ, 500 ಸಲ ಎಸೆದರೆ ಒಮ್ಮೆ ಸಿಕ್ಕಿಬೀಳುತ್ತಾರೆ ಎಂದಿಟ್ಟುಕೊಳ್ಳಿ. ಆಗ ಒಂದು ಸಲ ಎಸೆಯಲು ತಗಲುವ ಬೆಲೆ ಎರಡು ರೂಪಾಯಿ. ದಂಡ 100 ರೂಪಾಯಿ, ಹತ್ತು ಸಲಕ್ಕೊಮ್ಮೆ ಸಿಕ್ಕಿಬಿದ್ದರೆ ಬೆಲೆ ಹತ್ತು ರೂಪಾಯಿ. ಜನ ಅಂಜುವುದು ಸಿಕ್ಕಿಬೀಳುವುದಕ್ಕೆ, ಗೋಡೆಯ ಮೇಲಿನ ಸೊನ್ನೆಗಳಿಗಲ್ಲ.

ದೊಡ್ಡ ಮೊತ್ತಕ್ಕೆ ಇನ್ನೊಂದು ದೋಷವಿದೆ. ದಿನಕ್ಕೆ ಐನೂರು ದುಡಿಯುವ ತಳ್ಳುಗಾಡಿಯವನಿಗೆ 5,000 ರೂಪಾಯಿ ರಸೀದಿ ಬರೆಯಲು ಮನುಷ್ಯನಾದವನಿಗೆ ಕೈ ಬರುವುದಿಲ್ಲ. ಹಾಗಾಗಿ ಬೈದು ಬಿಡುತ್ತಾನೆ, ಇಲ್ಲವೇ ಇನ್ನೂರಕ್ಕೆ ಚೌಕಾಸಿ ನಡೆಯುತ್ತದೆ, ಆ ಇನ್ನೂರಕ್ಕೆ ರಸೀದಿ ಇರುವುದಿಲ್ಲ.

ಆದ್ದರಿಂದ ಮನೆಯವರಿಗೆ, ದಾರಿಹೋಕರಿಗೆ, ಬೀದಿ ವ್ಯಾಪಾರಿಗಳಿಗೆ ಅವರು ಅಲ್ಲೇ ಕಟ್ಟಬಲ್ಲ ಮೊತ್ತ ಇಡಿ. ಮೊದಲ ಸಲ ಬರವಣಿಗೆಯ ಎಚ್ಚರಿಕೆ, ಆಮೇಲೆ ದಂಡ, ಮತ್ತೆ ಮಾಡಿದರೆ ದುಪ್ಪಟ್ಟು. ಅಂಗಡಿ, ಹೋಟೆಲ್, ಮಂಟಪ, ಟೆಂಪೊದವರಿಗೆ ಎಚ್ಚರಿಕೆಯ ರಿಯಾಯಿತಿ ಬೇಡ. ಕಸ ಸಾಗಿಸುವ ಖರ್ಚು ಉಳಿಸಲೆಂದೇ ಅವರು ಎಸೆಯುವುದು. ಕೋಳಿ ಅಂಗಡಿಯವನಿಗೆ ತ್ಯಾಜ್ಯ ಒಯ್ಯುವವರಿಗೆ ತಿಂಗಳಿಗೆ ಎಷ್ಟು ಕೊಡಬೇಕಾಗುತ್ತದೋ ಅದಕ್ಕಿಂತ ದಂಡ ಹೆಚ್ಚಿರಬೇಕು. ಇಲ್ಲದಿದ್ದರೆ ದಂಡವೇ ಅಗ್ಗದ ಬಾಡಿಗೆಯಾಗುತ್ತದೆ. ಮೂರನೆಯ ಸಲಕ್ಕೆ ವ್ಯಾಪಾರ ಪರವಾನಗಿಯ ನವೀಕರಣವನ್ನು ತಡೆಹಿಡಿಯುವ ಅವಕಾಶ ನಿಮ್ಮ ಕಾನೂನಿನಲ್ಲಿದ್ದರೆ ಅದನ್ನೂ ಬರೆಯಿರಿ. ಆ ಮೂಲೆಯ ಕೋಳಿ ಅಂಗಡಿ ದಾರಿಗೆ ಬಂದದ್ದು ಪರವಾನಗಿಯ ಮಾತು ಬಂದ ಮೇಲೆಯೇ.

ಸಮಾರಂಭಗಳಿಗೆ 2016ರ ನಿಯಮದಲ್ಲೇ ಒಂದು ಒಳ್ಳೆಯ ಹಿಡಿ ಇತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ತಿಳಿಸಿದ ದಿನವೇ ಗಾಡಿಗೆ ಶುಲ್ಕ ಕಟ್ಟಿಸಿಕೊಂಡರೆ ಮಾರನೆಯ ದಿನ ದಂಡದ ಮಾತೇ ಬರುವುದಿಲ್ಲ.

ಸುಡುವುದಕ್ಕೆ ಹಸಿರು ನ್ಯಾಯಮಂಡಳಿ ಗೊತ್ತುಮಾಡಿದ ಮೊತ್ತವನ್ನು ಉಪವಿಧಿಯಲ್ಲಿ ಇಳಿಸಲು ಬರುವುದಿಲ್ಲ. ಉಪವಿಧಿಯ ದಂಡವನ್ನೂ ಆ ಪರಿಹಾರವನ್ನೂ ಹೇಗೆ ಹೊಂದಿಸಬೇಕೆಂದು ಸಂಸ್ಥೆಯ ಕಾನೂನು ಸಲಹೆಗಾರರಿಂದ ಲಿಖಿತವಾಗಿ ಪಡೆದು ಕರಡಿಗೆ ಲಗತ್ತಿಸಿ.

ಐದನೆಯ ಹೆಜ್ಜೆ: ರಸೀದಿ ಮತ್ತು ಅದನ್ನು ಹಿಡಿದ ಕೈ

ಒಳ್ಳೆಯ ರಸೀದಿಯಲ್ಲಿ ಕ್ರಮಸಂಖ್ಯೆ, ದಿನ, ಗಂಟೆ, ಜಾಗ, ಏನು ಮಾಡಿದರು, ಉಪವಿಧಿಯ ಯಾವ ಕಲಮು, ಎಷ್ಟನೆಯ ಸಲ, ಮೊತ್ತ, ಬರೆದವರ ಹೆಸರು ಇರಬೇಕು. ಹಿಂಬದಿಯಲ್ಲಿ ‘ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ಇಲ್ಲಿಗೆ ಅರ್ಜಿ ಕೊಡಿ’ ಎಂದು ಕನ್ನಡದಲ್ಲಿ, ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ಹಣ ಸಂಸ್ಥೆಯ ಖಾತೆಯ ಕ್ಯೂಆರ್ ಕೋಡ್‌ಗೆ ಹೋಗಲಿ, ಸಿಬ್ಬಂದಿಯ ಮೊಬೈಲ್ ನಂಬರಿಗೆ ಎಂದಿಗೂ ಬೇಡ. ಅರ್ಜಿ ಕೇಳುವವರು ರಸೀದಿ ಬರೆದವರಾಗಿರಬಾರದು. ಆರೋಗ್ಯ ನಿರೀಕ್ಷಕರು ಬರೆದಿದ್ದರೆ ಮುಖ್ಯಾಧಿಕಾರಿ ಕೇಳಲಿ, ವಾರದ ಒಂದು ಗೊತ್ತಾದ ಸಂಜೆ, ಕೂಲಿ ತಪ್ಪದ ಹೊತ್ತಿನಲ್ಲಿ.

ರಸೀದಿ ಬರೆಯುವವರಿಗೆ ‘ತಿಂಗಳಿಗೆ ಇಷ್ಟು’ ಎಂಬ ಗುರಿ ಕೊಡಬೇಡಿ, ವಸೂಲಿಯಲ್ಲಿ ಪಾಲನ್ನಂತೂ ಬೇಡವೇ ಬೇಡ. ಗುರಿ ಕೊಟ್ಟರೆ ಅವರು ಸುಲಭಕ್ಕೆ ಸಿಗುವವರ ಕಡೆ ತಿರುಗುತ್ತಾರೆ. ರಾತ್ರಿ ಹನ್ನೊಂದರ ಟೆಂಪೊ ಕಾಯುವುದಕ್ಕಿಂತ ಸಂತೆಯಲ್ಲಿ ಹತ್ತು ಸೊಪ್ಪಿನವರನ್ನು ಹಿಡಿಯುವುದು ಸುಲಭ.

ಸಾಕ್ಷ್ಯದ ವಿಚಾರಕ್ಕೆ ಬಂದರೆ, ಕಸದಲ್ಲಿ ಕೊರಿಯರ್ ಕವರಿನ ಮೇಲೆ ವಿಳಾಸ ಸಿಕ್ಕಿತೆಂದು ಅಲ್ಲೇ ದಂಡ ಬರೆಯುವ ರೂಢಿ ಇದೆ. ಅದು ಸಾಲದು. ಆ ಮನೆಯವರು ಗುತ್ತಿಗೆಯ ಗಾಡಿಗೇ ಕಸ ಕೊಟ್ಟು, ಗಾಡಿಯವನು ದಾರಿಯಲ್ಲಿ ಸುರಿದಿರಬಹುದು. ಕವರು ವಿಚಾರಣೆಯ ಆರಂಭ ಮಾತ್ರ. ಅವರನ್ನು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಒಮ್ಮೊಮ್ಮೆ ನಿಜವಾದ ತಪ್ಪಿತಸ್ಥ ಸಿಗುವುದೇ ಆ ಉತ್ತರದಲ್ಲಿ. ಟೆಂಪೊಗಳಿಗೆ ನಂಬರ್ ಪ್ಲೇಟ್ ಮತ್ತು ಸುರಿಯುವ ಕ್ರಿಯೆ ಎರಡೂ ಕಾಣುವ ಚಿತ್ರ ಬೇಕು.

ಆ ಚಿತ್ರಗಳು ಕಡತದಲ್ಲಿರಲಿ, ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದು ಬೇಡ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ನಗರದ ಕಸ ನಿರ್ವಹಣಾ ಸಂಸ್ಥೆಯವರೇ, ರಸ್ತೆಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿದು, ದಂಡವನ್ನೂ ಹಾಕಿದರು. ಜನರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಬಾಗಿಲಲ್ಲಿ ಬಿದ್ದ ಕಸಕ್ಕೆ ರಸೀದಿ ಇಲ್ಲ, ಮೇಲ್ಮನವಿ ಇಲ್ಲ, ತಪ್ಪಾಗಿ ಗುರುತಿಸಿದ್ದರೆ ಹಿಂದಕ್ಕೆ ಪಡೆಯಲೂ ಬರುವುದಿಲ್ಲ. ಹಣವನ್ನು ವಾಪಸು ಕೊಡಬಹುದು, ಬೀದಿಯ ಮುಂದೆ ಹೋದ ಮಾನವನ್ನು ಕೊಡಲಾಗದು.

ಹಣ ಕಟ್ಟಲಾಗದವರಿಂದ ಬೀದಿ ಗುಡಿಸಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಇದನ್ನು ನಾನು ಕೊನೆಯವರೆಗೂ ವಿರೋಧಿಸುತ್ತೇನೆ. ಪೌರಕಾರ್ಮಿಕರು ದಿನವೂ ಮಾಡುವ ಕೆಲಸವನ್ನು ಶಿಕ್ಷೆ ಎಂದು ಸಾರಿದರೆ, ತಲೆಮಾರುಗಳಿಂದ ಆ ಕೆಲಸಕ್ಕೆ ಅಂಟಿಸಿದ ಅವಮಾನಕ್ಕೆ ಸಂಸ್ಥೆಯೇ ಮೊಹರು ಹಾಕಿದಂತಾಗುತ್ತದೆ. ಕಟ್ಟಲಾಗದವರಿಗೆ ಕಂತು ಕೊಡಿ, ಸಾಕು.

ಆರನೆಯ ಹೆಜ್ಜೆ: ಮೂರು ವಾರ ಕಾಯುವುದು

ಇಷ್ಟು ಸಿದ್ಧವಾದ ಮೇಲೆ ಗುಡ್ಡೆಯನ್ನು ಒಂದೇ ದಿನ ಪೂರ್ತಿ ತೆಗೆಯಿರಿ. ಬುಡದ ಕೊಳೆತ ಮಣ್ಣನ್ನೂ ಬಗೆದು ತೆಗೆದು ಸುಣ್ಣ ಹಾಕಿ. ಅರ್ಧ ಉಳಿದ ಗುಡ್ಡೆ ‘ಇಲ್ಲಿ ಹಾಕಬಹುದು’ ಎಂದು ಕರೆಯುತ್ತದೆ. ಮರುದಿನದಿಂದ, ನಿಮ್ಮ ನೋಟ್‌ಬುಕ್ಕಿನಲ್ಲಿ ಕಸ ಬಿದ್ದ ಗಂಟೆಗಳಲ್ಲಿ ಮಾತ್ರ ಒಬ್ಬರು ನಿಲ್ಲಬೇಕು. ಇಡೀ ದಿನ ಕಾಯುವ ಅಗತ್ಯವಿಲ್ಲ. ಮೊದಲ ವಾರ ಎಚ್ಚರಿಕೆ ಚೀಟಿ, ಎರಡನೆಯ ವಾರದಿಂದ ರಸೀದಿ. ಶಾಲೆಯ ಮೂಲೆಯಲ್ಲಿ ಗಾಡಿಯ ಸಮಯ ಬದಲಾದ್ದರಿಂದ ಬೆಳಗಿನ ಕವರುಗಳು ಮೊದಲ ವಾರದಲ್ಲೇ ಬಹುಪಾಲು ನಿಂತವು, ಅವರಲ್ಲಿ ಯಾರಿಗೂ ದಂಡ ಬರೆಯಬೇಕಾಗಲಿಲ್ಲ. ಟೆಂಪೊ ಸಿಕ್ಕಿದ್ದು ಮೂರನೆಯ ವಾರದ ಒಂದು ರಾತ್ರಿ.

ನಡೆಯುತ್ತಿದೆಯೇ ಎಂದು ತಿಳಿಯುವುದು

ಪ್ರತಿ ತಿಂಗಳು ರಸೀದಿಗಳ ಪಟ್ಟಿಯನ್ನು, ಹೆಸರು ತೆಗೆದು, ಕಚೇರಿಯ ಫಲಕಕ್ಕೆ ಅಂಟಿಸಿ: ಬೀದಿ, ಬಗೆ, ಮೊತ್ತ, ಹಣ ಯಾವುದಕ್ಕೆ ಖರ್ಚಾಯಿತು. ಒಟ್ಟು ವಸೂಲಿಯನ್ನು ಸಾಧನೆ ಎಂದು ನೋಡಬೇಡಿ. ಎಲ್ಲವೂ ತಿಂಗಳ ಕೊನೆಯ ವಾರದಲ್ಲೇ ಬರೆದಿದ್ದರೆ ಯಾರೋ ಗುಟ್ಟಾಗಿ ಗುರಿ ಕೊಟ್ಟಿದ್ದಾರೆ. ಎಲ್ಲವೂ ಬೀದಿ ವ್ಯಾಪಾರಿಗಳದ್ದೇ ಆಗಿ ಮಂಟಪದ್ದು ಒಂದೂ ಇಲ್ಲದಿದ್ದರೆ ಕಾನೂನು ಮೇಲಕ್ಕೆ ಕೈ ಎತ್ತುತ್ತಿಲ್ಲ. ಮೇಲ್ಮನವಿ ಒಂದೂ ಬಂದಿಲ್ಲವೆಂದರೆ ಹಿಗ್ಗಬೇಡಿ, ರಸೀದಿಯ ಹಿಂಬದಿಯನ್ನು ಜನ ಓದುತ್ತಿದ್ದಾರೆಯೇ ಎಂದು ಕೇಳಿ ನೋಡಿ.

ಮೂಲೆ ಸ್ವಚ್ಛವಾದರೆ ಸುತ್ತಲಿನ ಇನ್ನೂರು ಮುನ್ನೂರು ಮೀಟರ್ ನಡೆದು ಬನ್ನಿ. ಗುಡ್ಡೆ ಅಲ್ಲಿಗೆ ಸರಿದಿರಬಹುದು. ನಮ್ಮಲ್ಲಿ ಅದು ರಾಜಕಾಲುವೆಯ ಸೇತುವೆಯ ಕೆಳಗೆ ಸಿಕ್ಕಿತು, ಬೂದಿಯ ಸಮೇತ. ಬೂದಿಯಲ್ಲಿ ತಂತಿಯ ಎಳೆಗಳಿದ್ದವು. ಕೇಬಲ್ ಸುಡುತ್ತಿದ್ದವರು ಇಬ್ಬರು ಹುಡುಗರು. ಅವರಿಂದ ಏನು ವಸೂಲಿ ಮಾಡುವುದು? ಆರೋಗ್ಯ ನಿರೀಕ್ಷಕರು ಅವರಿಗೆ ರಸೀದಿ ಬರೆಯಲಿಲ್ಲ, ಸುಟ್ಟ ತಾಮ್ರ ಕೊಳ್ಳುತ್ತಿದ್ದ ಗುಜರಿ ಅಂಗಡಿಗೆ ನೋಟಿಸ್ ಕೊಟ್ಟರು. ಸುಲಿದ ತಂತಿಯನ್ನೇ ಕೊಳ್ಳುತ್ತೇನೆ, ಸುಟ್ಟದ್ದನ್ನಲ್ಲ ಎಂದು ಅಂಗಡಿಯವನಿಂದ ಬರೆಸಿಕೊಂಡರು. ಈಗ ಆ ಹುಡುಗರು ಅಂಗಡಿಯ ಹಿಂದೆ ಕೂತು ಬ್ಲೇಡಿನಲ್ಲಿ ಕೇಬಲ್ ಸುಲಿಯುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಸುಲಿದ ತಾಮ್ರ ಕಪ್ಪಾಗಿರುವುದಿಲ್ಲವಾದ್ದರಿಂದ ಕಿಲೋಗೆ ಮೊದಲಿಗಿಂತ ಹೆಚ್ಚು ಸಿಗುತ್ತದೆ ಎನ್ನುತ್ತಾರೆ.